ಟಿಪ್ಪುವಿನ ಡಬಲ್ ರೂಪಾಯಿ ಎಷ್ಟಕ್ಕೆ ಹೋದೀತು? ಹಳೆಯ ಹರಾಜು ಫಲಿತಾಂಶ ಹಿಡಿದು ಬೆಲೆ ಕಟ್ಟಿದ ದಾಖಲೆ

ಕೈಯಲ್ಲಿರುವ ವಸ್ತು: ಟಿಪ್ಪು ಸುಲ್ತಾನನ ಬೆಳ್ಳಿಯ ಡಬಲ್ ರೂಪಾಯಿ. ಸಂಗ್ರಾಹಕರ ಬಾಯಲ್ಲಿ ಇದು ಹೈದರಿ. ಟಂಕಸಾಲೆ ಪಟನ್, ಅಂದರೆ ಶ್ರೀರಂಗಪಟ್ಟಣ. ಹಿಂದೆ ಯಾರೋ ಸರಕ್ಕೆ ಪೋಣಿಸಲು ಇದಕ್ಕೆ ಕೊಂಡಿ ಬೆಸೆದಿದ್ದು, ಆಮೇಲೆ ತೆಗೆದಿದ್ದಾರೆ. ಮಾರಬೇಕು. ಉತ್ತರ ಬೇಕಿರುವ ಪ್ರಶ್ನೆ ಒಂದೇ: ಭಾರತದೊಳಗೆ, ಮುಂದಿನ ಆರು ತಿಂಗಳಲ್ಲಿ, ಮಾರುವವರ ಕೈಗೆ ನಿಜವಾಗಿ ಎಷ್ಟು ಬರುತ್ತದೆ?

ಮೊದಲೇ ಒಂದು ಮಾತು. ಕೆಳಗಿನ ರೂಪಾಯಿ ಅಂಕಿಗಳೆಲ್ಲ ಲೆಕ್ಕದ ದಾರಿ ತೋರಿಸಲು ದುಂಡಾಗಿಸಿ ಇಟ್ಟ ಮಾದರಿ ಅಂಕಿಗಳು. ಇವತ್ತಿನ ಪೇಟೆ ದರವೆಂದು ಹಿಡಿಯಬೇಡಿ. ನಿಮ್ಮ ನಾಣ್ಯಕ್ಕೆ ಸಾಲುಗಳನ್ನು, ಅಂದರೆ ಅದನ್ನು ಹೋಲುವ ನಾಣ್ಯಗಳ ಬೆಲೆಯ ದಾಖಲೆಗಳನ್ನು, ನೀವೇ ಹೊಸದಾಗಿ ಕೂಡಿಸಬೇಕು.

ಸಾಮಾನು: 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ವರ್ನಿಯರ್ ಕ್ಯಾಲಿಪರ್, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಒಂದು ಲೋಟ ನೀರು, ಹೊಲಿಗೆ ದಾರ, ಸ್ಪ್ರೆಡ್‌ಶೀಟ್.

ಹಂತ 1: ಏನನ್ನು ಮಾರುತ್ತಿದ್ದೇವೆ

ಹೋಲಿಕೆ ಹುಡುಕುವ ಮೊದಲು ನಮ್ಮ ನಾಣ್ಯವನ್ನೇ ಸರಿಯಾಗಿ ಓದಿಕೊಳ್ಳಬೇಕು. ಇಲ್ಲದಿದ್ದರೆ ಬೇರೆ ನಾಣ್ಯದ ಬೆಲೆಯನ್ನು ಇದಕ್ಕೆ ಅಂಟಿಸುತ್ತೇವೆ.

ತೂಕ 22.86 ಗ್ರಾಂ, ಅಗಲ 38 ಮಿ.ಮೀ. ಡಬಲ್ ರೂಪಾಯಿ ಸಾಮಾನ್ಯವಾಗಿ 23 ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ, ಹಾಗಾಗಿ ತೂಕದ ಬಗ್ಗೆ ಅನುಮಾನವಿಲ್ಲ.

ವರ್ಷ 1216, ಆಳ್ವಿಕೆಯ 6ನೇ ವರ್ಷ. ಇಲ್ಲಿ ಹೊಸಬರು ಎಡವುತ್ತಾರೆ. ಟಿಪ್ಪು ತನ್ನ ಆಳ್ವಿಕೆಯ 5ನೇ ವರ್ಷದಿಂದ ಹಿಜರಿ ಬಿಟ್ಟು, ಪ್ರವಾದಿ ಮಹಮ್ಮದರ ಹುಟ್ಟಿನಿಂದ ವರ್ಷ ಎಣಿಸುವ ಮೌಲೂದಿ ಲೆಕ್ಕ ಹಿಡಿದ. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ. ಎಡದಿಂದ ಓದಿದರೆ 6121 ಎಂದು ಕಾಣುತ್ತದೆ, ಓದಬೇಕಾದ್ದು 1216. ಅದನ್ನು ಹಿಜರಿ ಎಂದುಕೊಂಡು ಕ್ರಿ.ಶ. 1801ಕ್ಕೆ ಒಯ್ದರೆ ಟಿಪ್ಪು ತೀರಿಹೋದ ಮೇಲೆ ಟಂಕಿಸಿದ ನಾಣ್ಯವಾಗಿಬಿಡುತ್ತದೆ. ಇದು ನಿಜಕ್ಕೂ 1788ರ ಸುಮಾರಿನದು. ಸುಲಭದ ತಾಳೆ ಒಂದಿದೆ: ಮೌಲೂದಿ ವರ್ಷದಿಂದ ಆಳ್ವಿಕೆಯ ವರ್ಷ ಕಳೆದರೆ ಯಾವಾಗಲೂ 1210 ಉಳಿಯಬೇಕು. ಇಲ್ಲಿ 1216 ಕಳೆ 6, ಸರಿಹೋಯಿತು. ಹರಾಜು ಕ್ಯಾಟಲಾಗುಗಳಲ್ಲೂ ವರ್ಷ ತಪ್ಪಾಗಿ ಅಚ್ಚಾಗುವುದುಂಟು. ಆದ್ದರಿಂದ ವಿವರಣೆಯನ್ನು ನಂಬುವ ಬದಲು ಪ್ರತಿ ಲಾಟಿನ ಚಿತ್ರ ದೊಡ್ಡದು ಮಾಡಿ ವರ್ಷವನ್ನು ನೀವೇ ಓದಿ.

ಲೋಹದ ಪರೀಕ್ಷೆ: ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 2.21 ತೋರಿಸಿತು. 22.86ನ್ನು 2.21ರಿಂದ ಭಾಗಿಸಿದರೆ 10.34. ಶುದ್ಧ ಬೆಳ್ಳಿಯ ಸಾಂದ್ರತೆ 10.49. ಈ ತಕ್ಕಡಿಯಲ್ಲಿ ಆಚೀಚೆ 0.05ರಷ್ಟು ತಪ್ಪು ಸಹಜ, ಆದ್ದರಿಂದ ಒಳ್ಳೆಯ ಬೆಳ್ಳಿ ಎನ್ನಲು ಇಷ್ಟು ಸಾಕು. ನಾಣ್ಯದ ಮೈಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಫಲಿತಾಂಶ 10ಕ್ಕಿಂತ ಕೆಳಗೆ ಬಂದು ಸುಮ್ಮನೆ ಗಾಬರಿಯಾಗುತ್ತದೆ. ನಾಣ್ಯವನ್ನು ನೀರಿನೊಳಗೇ ಒಮ್ಮೆ ಅಲ್ಲಾಡಿಸಿ ಮತ್ತೆ ನೋಡಿ.

ಸ್ಥಿತಿ: ಅಕ್ಷರಗಳೆಲ್ಲ ಓದಲು ಬರುತ್ತವೆ, ಎತ್ತರದ ಜಾಗಗಳು ಸವೆದಿವೆ. ಗ್ರೇಡ್ ವಿಎಫ್, ಅಂದರೆ ವೆರಿ ಫೈನ್. ಗಡಿಯಾರದ 12ರ ಜಾಗದಲ್ಲಿ ಅಂಚು ಸುಮಾರು 5 ಮಿ.ಮೀ. ಉದ್ದಕ್ಕೆ ಚಪ್ಪಟೆ. ಲೂಪಿನಲ್ಲಿ ಅಲ್ಲಿ ಅರದಿಂದ ಉಜ್ಜಿದ ಸಮಾನಾಂತರ ಗೀರುಗಳು, ಗೀರುಗಳ ನಡುವೆ ಬೆಸುಗೆಯ ಬೂದುಬಣ್ಣದ ಚೂರು ಕಾಣುತ್ತವೆ. ಅಂಚಿನ ಚುಕ್ಕೆಸಾಲಿನಲ್ಲಿ ಅದರ ಪಕ್ಕದ ಚುಕ್ಕೆಗಳು ಉಳಿದ ಚುಕ್ಕೆಗಳಿಗಿಂತ ನುಣುಪು. ಮೈಯೆಲ್ಲ ಹಳೆಯ ಕಾಲದ ತೆಳು ಉಜ್ಜಾಟ. ಬೆಲೆಯನ್ನು ನಿರ್ಧರಿಸುವುದು ಈ ಪ್ಯಾರಾ. ಟಿಪ್ಪು, ಪಟನ್, 1216 ಎಂಬ ಮೂರು ಮಾತು ಯಾವ ಬೀದಿ ಎಂದಷ್ಟೇ ಹೇಳುತ್ತವೆ. ಕೊಂಡಿಯ ಗುರುತು ಮನೆ ನಂಬರು ಹೇಳುತ್ತದೆ.

ಹಂತ 2: ಸಾಲು ಕೂಡಿಸುವುದು

ಭಾರತದ ಮಟ್ಟಿಗೆ ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾ ಮತ್ತು ಓಸ್ವಾಲ್, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ ಇವುಗಳ ಹಳೆಯ ಹರಾಜುಗಳನ್ನು ಮೊದಲು ಜಾಲಾಡಬೇಕು. ಹೊರದೇಶದ್ದಕ್ಕೆ `acsearch.info` ಅನುಕೂಲ. ಅಲ್ಲಿ ಚಿತ್ರಗಳನ್ನು ಪುಕ್ಕಟೆ ನೋಡಬಹುದು, ಬೆಲೆ ನೋಡಲು ಚಂದಾ ಕಟ್ಟಬೇಕು. ಕ್ಯಾಲಿಫೋರ್ನಿಯಾದ ಸ್ಟೀಫನ್ ಆಲ್ಬಮ್ ಸಂಸ್ಥೆಯ ಹರಾಜುಗಳಲ್ಲಿ ಮೈಸೂರು ನಾಣ್ಯ ಆಗಾಗ ಬರುತ್ತವೆ.

ಹುಡುಕುವಾಗ ಒಂದೇ ಕಾಗುಣಿತ ನೆಚ್ಚಬೇಡಿ. ಪಟನ್, ಪಟ್ಟನ್, ಸೆರಿಂಗಪಟಂ ಎಂದು ಮೂರು ಬಗೆಯಲ್ಲಿ ಬರೆಯುತ್ತಾರೆ. ಕೆಲವರು ಹೈದರಿ ಎನ್ನುತ್ತಾರೆ, ಕೆಲವರು ಬರೀ ಎರಡು ರೂಪಾಯಿ ಎನ್ನುತ್ತಾರೆ. ಒಂದೇ ಪದ ಹಾಕಿ ಹುಡುಕಿದರೆ ಅರ್ಧ ಸಾಲು ತಪ್ಪಿಹೋಗುತ್ತದೆ.

ಸಿಕ್ಕಿದ್ದು 17 ಸಾಲು: ಭಾರತದ ಹರಾಜಿನವು 9, ಹೊರದೇಶದ ಹರಾಜಿನವು 3, ಡೀಲರ್ ಪಟ್ಟಿಗಳವು 5. ಪ್ರತಿ ಸಾಲಿಗೂ ಚಿತ್ರ ಇಳಿಸಿಟ್ಟುಕೊಳ್ಳಿ. ಇವತ್ತು ತೆರೆಯುವ ವೆಬ್ ಲಿಂಕ್ ಮುಂದಿನ ವರ್ಷ ತೆರೆಯುತ್ತದೆಂಬ ಖಾತ್ರಿಯಿಲ್ಲ.

ಸ್ಪ್ರೆಡ್‌ಶೀಟಿನ ಅಂಕಣಗಳು ಹೀಗಿದ್ದವು: ಹರಾಜಿನ ತಾರೀಖು, ಲಾಟ್ ಸಂಖ್ಯೆ, ತೂಕ, ತೋರಿಸಿದ ಬೆಲೆ, ಅದು ಸುತ್ತಿಗೆ ಬಿದ್ದ ಹ್ಯಾಮರ್ ಬೆಲೆಯೋ ಕೊಂಡವರು ಮೇಲೆ ಕಟ್ಟುವ ಪ್ರೀಮಿಯಂ ಸೇರಿದ್ದೋ, ಪ್ರೀಮಿಯಂ ಶೇಕಡಾ, ನಾವು ಚಿತ್ರ ನೋಡಿ ಕೊಟ್ಟ ಗ್ರೇಡ್, ದೋಷ. ಅಂದಾಜು ಬೆಲೆಗೆ ಅಂಕಣವನ್ನೇ ಇಡಲಿಲ್ಲ. ಕ್ಯಾಟಲಾಗಿನಲ್ಲಿ ಲಾಟಿನ ಕೆಳಗೆ ಅಚ್ಚಾಗುವ ಅಂದಾಜು ಹರಾಜು ಸಂಸ್ಥೆ ಗಿರಾಕಿಯನ್ನು ಕರೆಯಲು ಹಾಕುವ ಅಂಕಿ. ಯಾರೂ ಅದನ್ನು ಕೊಟ್ಟಿಲ್ಲ. ಅದನ್ನು ನೋಡಿದರೆ ಕಣ್ಣು ಅಲ್ಲೇ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಬರೆದುಕೊಳ್ಳದಿರುವುದೇ ಒಳ್ಳೆಯದು.

ಹಂತ 3: ಮೊದಲ ಲೆಕ್ಕ, ಮತ್ತು ಅದು ಯಾಕೆ ಕೆಟ್ಟಿತು

ಭಾರತದ 9 ಸಾಲಿನಲ್ಲಿ ಒಂದು ನಾಲ್ಕು ನಾಣ್ಯಗಳ ಗುಂಪು ಲಾಟು, ಅದು ಹೊರಗೆ. ಇನ್ನೊಂದು ಮಾರಾಟವಾಗಿಲ್ಲ. ಉಳಿದ 7 ಸಾಲು, ತೋರಿಸಿದ ಬೆಲೆಯಂತೆ: 62,000, 48,000, 46,000, 36,000, 34,000, 32,200, 27,000. ಸರಾಸರಿ ಸುಮಾರು 40,700.

ಮನೆಮಂದಿಗೆ ಈ ಅಂಕಿ ಹೇಳಿದರೆ ಎಲ್ಲರಿಗೂ ಖುಷಿಯಾಗುತ್ತದೆ. ಆದರೆ ಇದು ಮೂರು ಕಡೆ ಕೆಟ್ಟಿದೆ.

ಒಂದು, ಎರಡು ಬಗೆಯ ಬೆಲೆ ಬೆರೆತಿವೆ. ಕೆಲವು ಸಂಸ್ಥೆಗಳು ಸುತ್ತಿಗೆ ಬಿದ್ದ ಬೆಲೆಯನ್ನು ಪ್ರಕಟಿಸುತ್ತವೆ, ಕೆಲವು ಕೊಂಡವರು ಮೇಲೆ ಕಟ್ಟುವ ಪ್ರೀಮಿಯಂ ಸೇರಿಸಿ ಪ್ರಕಟಿಸುತ್ತವೆ. `acsearch.info` ತೋರಿಸುವುದು ಹ್ಯಾಮರ್ ಬೆಲೆ. ಅಮೆರಿಕದ ಹೆರಿಟೇಜ್ ಸಂಸ್ಥೆಯ ತಾಣದಲ್ಲಿ ಪ್ರೀಮಿಯಂ ಸೇರಿದ ಬೆಲೆ ಇರುತ್ತದೆ. ಮಾರುವವರ ಲೆಕ್ಕ ಶುರುವಾಗುವುದು ಹ್ಯಾಮರ್ ಬೆಲೆಯಿಂದ. ಪ್ರೀಮಿಯಂ ಹರಾಜು ಸಂಸ್ಥೆಯ ಪಾಲು. ಯಾವುದೆಂದು ತಿಳಿಯದಿದ್ದರೆ ಅಂಕಿಯನ್ನೇ ನೋಡಿ. ಬಿಡ್‌ಗಳು ಸಾವಿರ, ಎರಡು ಸಾವಿರದ ಮೆಟ್ಟಿಲಿನಲ್ಲಿ ಏರುತ್ತವೆ, ಆದ್ದರಿಂದ 28,000, 36,000 ಹ್ಯಾಮರ್ ಬೆಲೆ ಇರಬಹುದು. 32,200 ಎಂಬ ಮುರುಕು ಅಂಕಿ ಯಾವ ಮೆಟ್ಟಿಲಿನಲ್ಲೂ ಕೂರುವುದಿಲ್ಲ. ಅದನ್ನು 1.15ರಿಂದ ಭಾಗಿಸಿದರೆ ಸರಿಯಾಗಿ 28,000 ಬರುತ್ತದೆ, ಅಂದರೆ 15% ಪ್ರೀಮಿಯಂ ಸೇರಿದೆ. ಹಾಗೆಯೇ 46,000 ಅದೇ ಸಂಸ್ಥೆಯದು, ಅದು 40,000. ಆದರೆ 46,000 ತಾನೇ ದುಂಡಾಗಿರುವುದರಿಂದ ಬರೀ ಅಂಕಿ ನೋಡಿ ಹಿಡಿಯಲಾಗುತ್ತಿರಲಿಲ್ಲ. ಅದೇ ಹರಾಜಿನ ಉಳಿದ ಲಾಟುಗಳ ಬೆಲೆ ಓದಿದ ಮೇಲೆ ಖಚಿತವಾಯಿತು.

ಸ್ಪ್ರೆಡ್‌ಶೀಟಿನಲ್ಲಿ D ಅಂಕಣದಲ್ಲಿ ತೋರಿಸಿದ ಬೆಲೆ, E ಅಂಕಣದಲ್ಲಿ ಪ್ರೀಮಿಯಂ ಸೇರಿದ್ದರೆ P, F ಅಂಕಣದಲ್ಲಿ ಪ್ರೀಮಿಯಂ ದರ (0.15 ಹೀಗೆ):

```
=IF(E2="P", D2/(1+F2), D2)
```

ಜಿಎಸ್‌ಟಿ ಕೂಡ ಸೇರಿಸಿ ಪ್ರಕಟಿಸಿದ್ದರೆ ಅದನ್ನೂ ಕಳೆಯಬೇಕು. ದರ ಕಾಲಕಾಲಕ್ಕೆ ಬದಲಾಗಿದೆ, ಆ ಹರಾಜಿನ ನಿಯಮಗಳ ಪುಟದಲ್ಲಿ ಅಂದು ಏನಿತ್ತೋ ಅದನ್ನೇ ಹಿಡಿಯಿರಿ.

ಎರಡು, 62,000 ಮತ್ತು 48,000ದ ನಾಣ್ಯಗಳು ವಿಎಫ್‌ಗಿಂತ ಮೇಲಿನ ಎಕ್ಸ್‌ಎಫ್ ಮಟ್ಟದವು. ಮೊದಲನೆಯದು ಗ್ರೇಡಿಂಗ್ ಸಂಸ್ಥೆಯ ಪೆಟ್ಟಿಗೆಯಲ್ಲಿ ಮೊಹರಾಗಿ ಬಂದದ್ದು. ಸವೆಯದ ಡಬಲ್ ರೂಪಾಯಿಯನ್ನು ಕೊಳ್ಳುವ ಗಿರಾಕಿಯೇ ಬೇರೆ; ಅವನು ನಮ್ಮ ನಾಣ್ಯವನ್ನು ತಿರುಗಿಯೂ ನೋಡುವುದಿಲ್ಲ. ಆ ಎರಡು ಸಾಲನ್ನು ಶೇಕಡಾವಾರು ಇಳಿಸಿ ಬಳಸಬಹುದಲ್ಲ ಎಂದು ಅನಿಸುತ್ತದೆ. ಬೇಡ. ಹತ್ತಿರದ ಸಾಲುಗಳು ಇರುವಾಗ ದೂರದ್ದನ್ನು ಎಳೆದು ತಂದರೆ ಎಳೆದಷ್ಟೂ ನಮ್ಮ ಊಹೆಯೇ ಬೆಲೆಯಾಗುತ್ತದೆ.

ಮೂರನೆಯದಕ್ಕೆ ಒಂದು ಹಂತವೇ ಬೇಕು.

ಹಂತ 4: ಚಿತ್ರ ಪಕ್ಕಕ್ಕಿಟ್ಟು ನೋಡುವುದು

ಕೈಯಿಂದ ಹೊಡೆದ ನಾಣ್ಯದಲ್ಲಿ ಎರಡು ಒಂದೇ ರೀತಿ ಇರುವುದಿಲ್ಲ. ಅಚ್ಚು ಒಂದೇ ಆದರೂ ಬಿಲ್ಲೆ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತದೆ. ಆದ್ದರಿಂದ ಅಂಚಿನ ಚುಕ್ಕೆಸಾಲು ಒಂದು ಕಡೆ ಪೂರ್ತಿ ಕಾಣುತ್ತದೆ, ಇನ್ನೊಂದು ಕಡೆ ಕತ್ತರಿಸಿಹೋಗುತ್ತದೆ. ಹೊಡೆತಕ್ಕೆ ಅಂಚು ಬಿರಿದ ಸಣ್ಣ ಸೀಳು, ಶರಾಫರು ಬೆಳ್ಳಿ ಪರೀಕ್ಷಿಸಲು ಹೊಡೆದ ಗುರುತು, ಬಿದ್ದ ಪೆಟ್ಟು ಎಲ್ಲವೂ ಆ ಒಂದು ನಾಣ್ಯಕ್ಕೇ ಸೇರಿದ್ದು. ಎರಡು ಚಿತ್ರ ಪಕ್ಕಪಕ್ಕ ಇಟ್ಟು, ಚುಕ್ಕೆಸಾಲು ಎಲ್ಲಿ ಕಡಿಯುತ್ತದೆ ಎಂಬುದನ್ನು ಮೊದಲು ನೋಡಿ. ಬಣ್ಣ ನಂಬಬೇಡಿ, ದೀಪ ಬದಲಾದರೆ, ಮಧ್ಯೆ ಯಾರಾದರೂ ತೊಳೆದರೆ ಬಣ್ಣ ಬದಲಾಗುತ್ತದೆ.

ಹೀಗೆ ನೋಡಿದಾಗ ಮಾರಾಟವಾಗದ ಆ ಲಾಟು ಮತ್ತು 36,000ಕ್ಕೆ ಹೋದ ಲಾಟು ಒಂದೇ ನಾಣ್ಯ ಎಂದು ಗೊತ್ತಾಯಿತು. ಗಡಿಯಾರದ 4ರ ಜಾಗದಲ್ಲಿ ಅದೇ ಸೀಳು, ಅದೇ ತೂಕ. ಮೊದಲ ಸಲ 45,000ದಿಂದ ಶುರು ಮಾಡಿ ಯಾರೂ ಕೈ ಎತ್ತಲಿಲ್ಲ. ಮುಂದೆ ಬೇರೆ ಹರಾಜಿನಲ್ಲಿ ಕಡಿಮೆ ಆರಂಭ ಬೆಲೆಗೆ ಇಟ್ಟಾಗ 36,000ದವರೆಗೆ ಏರಿತು. ಈ ಎರಡು ಸಾಲು ಬೇರೆ ಏಳಕ್ಕಿಂತ ಹೆಚ್ಚು ಹೇಳುತ್ತವೆ. ದೋಷವಿಲ್ಲದ ವಿಎಫ್ ನಾಣ್ಯಕ್ಕೆ ಪೇಟೆ 45,000 ಕೊಡಲಿಲ್ಲ, 36,000 ಕೊಟ್ಟಿತು. ಮಾರಾಟವಾಗದ ಲಾಟನ್ನು ಬೆಲೆಯಿಲ್ಲವೆಂದು ಸಾಲಿನಿಂದ ಅಳಿಸಿಬಿಡುವವರೇ ಹೆಚ್ಚು. ಅಳಿಸಿದರೆ ಪಟ್ಟಿಯಲ್ಲಿ ಗೆದ್ದವರು ಮಾತ್ರ ಉಳಿದು ಪೇಟೆ ಇರುವುದಕ್ಕಿಂತ ಬಿಸಿಯಾಗಿ ಕಾಣುತ್ತದೆ.

ಚಿತ್ರ ಹೊಂದಿಸುವಾಗ ಇನ್ನೊಂದು ಅಪಾಯವೂ ಬಯಲಾಗುತ್ತದೆ. ಎರಡು ಚಿತ್ರದಲ್ಲಿ ಅದೇ ಸೀಳು, ಅದೇ ಪೆಟ್ಟು, ಅದೇ ಕತ್ತರಿಸಿದ ಚುಕ್ಕೆ ಇದ್ದು ತೂಕ ಮಾತ್ರ ಅರ್ಧ ಗ್ರಾಂ ಬೇರೆಯಾಗಿದ್ದರೆ ಅದು ಮರುಮಾರಾಟವಲ್ಲ. ಒಂದು ಅಸಲಿ ನಾಣ್ಯದಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಗಳು ಹಾಗಿರುತ್ತವೆ, ಅಸಲಿಯ ಪೆಟ್ಟಿನ ಗುರುತೂ ಸೇರಿ ಎರಕವಾಗಿರುತ್ತದೆ. ಅಂಥ ಸಾಲು ಸಿಕ್ಕರೆ ಎರಡನ್ನೂ ತೆಗೆದುಹಾಕಿ, ನಿಮ್ಮ ನಾಣ್ಯವನ್ನೂ ಅದೇ ಚಿತ್ರದ ಪಕ್ಕ ಇಟ್ಟು ನೋಡಿ. ಮಾರುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಹಂತ 5: ಹೊರದೇಶದ ಮೂರು ಸಾಲು

ಡಾಲರಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಸರಾಸರಿಗೆ ಸೇರಿಸುವ ಆಸೆ ಬಲವಾಗಿರುತ್ತದೆ. ಸೇರಿಸಲಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಶ್ರೀರಂಗಪಟ್ಟಣದ ನಾಣ್ಯ ಮೈಸೂರಿನ ಮನೆಯಲ್ಲಿದ್ದರೆ ಲಂಡನ್ನಿನ ಗಿರಾಕಿ ಅದಕ್ಕೆ ಗಿರಾಕಿಯೇ ಅಲ್ಲ. ಅಲ್ಲಿನ ಬೆಲೆ ಎಷ್ಟೇ ಇರಲಿ, ನಮ್ಮ ಹರಾಜಿಗೆ ಆ ದುಡ್ಡು ಬರುವುದಿಲ್ಲ.

ಈ ಕಾಯ್ದೆಯ ಇನ್ನೊಂದು ಅಂಶವೂ ಇಲ್ಲೇ ಬರುತ್ತದೆ. ಪುರಾವಸ್ತು ಮಾರುವುದನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಬೇಕು. ಹಾಗಾಗಿ ಪರವಾನಗಿ ಇರುವ ಹರಾಜು ಸಂಸ್ಥೆ ಅಥವಾ ಡೀಲರ್ ಮೂಲಕ ಹೋಗುವುದೇ ನೇರ ದಾರಿ. ನೆಲ ಅಗೆಯುವಾಗ ಸಿಕ್ಕಿದ್ದಾದರೆ ಬೆಲೆ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ, ನಿಧಿ ಕಾಯ್ದೆಯಂತೆ ಮೊದಲು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿದ ಕನ್ನಡಿಗರು ಅಲ್ಲಿನ ಹರಾಜಿನಲ್ಲೇ ಬಿಲ್ಲು ಸಮೇತ ಕೊಂಡ ನಾಣ್ಯವನ್ನು ಅಲ್ಲೇ ಮಾರುವುದಾದರೆ ಲೆಕ್ಕ ತಿರುಗುಮುರುಗು. ಅವರಿಗೆ ಈ ಮೂರು ಸಾಲೇ ಮುಖ್ಯ, ಭಾರತದ ಸಾಲುಗಳು ಪಕ್ಕಕ್ಕೆ. ಅವರ ಹಳೆಯ ಬಿಲ್ಲಿಗೆ ಕೂಡ ಬೆಲೆಯಿದೆ, ನಾಣ್ಯ ಹೊರಗೆ ಬಂದ ದಾರಿಯನ್ನು ಅದು ತೋರಿಸುತ್ತದೆ.

ಹಂತ 6: ಕೊಂಡಿಯ ಗುರುತಿಗೆ ಎಷ್ಟು ಕಳೆಯಬೇಕು

ಎಲ್ಲ ಜರಡಿ ಹಿಡಿದ ಮೇಲೆ ಉಳಿದದ್ದು ಐದು. ದೋಷವಿಲ್ಲದ ವಿಎಫ್ ಮಟ್ಟದಲ್ಲಿ ಮೂರು: 36,000, ಸ್ವಲ್ಪ ಚೆನ್ನಾಗಿರುವ 40,000, ಏಳು ವರ್ಷ ಹಳೆಯ 34,000. ಕೊಂಡಿ ತೆಗೆದವು ಎರಡು: 27,000 ಮತ್ತು 28,000. ಎರಡನೆಯದು ಪೆಟ್ಟಿಗೆಯಲ್ಲಿ ಬಂದಿದ್ದು, ಲೇಬಲಿನಲ್ಲಿ ಅಂಕಿಯ ಬದಲು "ಡೀಟೇಲ್ಸ್" ಎಂದಿದೆ. ಗ್ರೇಡಿಂಗ್ ಸಂಸ್ಥೆ ದೋಷ ಕಂಡ ನಾಣ್ಯಕ್ಕೆ ಹಾಗೆ ಬರೆಯುತ್ತದೆ. ಪೆಟ್ಟಿಗೆ ಇದೆಯೆಂದು ಅದನ್ನು ಮೇಲಿನ ಮಟ್ಟಕ್ಕೆ ಸೇರಿಸಿದರೆ ದೊಡ್ಡ ತಪ್ಪಾಗುತ್ತದೆ.

ಹಳೆಯ 34,000ವನ್ನು ಬೆಳ್ಳಿ ದರದ ಜೊತೆ ಏರಿಸಿ ಇವತ್ತಿಗೆ ತರುವ ಯೋಚನೆ ಬಂದರೆ ಬಿಡಿ. ಈ ನಾಣ್ಯದ ಬೆಲೆ 23 ಗ್ರಾಂ ಬೆಳ್ಳಿಯದಲ್ಲ. ಲೋಹದ ಬೆಲೆ ಕೆಳಗಿನ ನೆಲ ಮಾತ್ರ. ವಿಜಯನಗರದ ಸಾಮಾನ್ಯ ಚಿನ್ನದ ವರಹಕ್ಕಾದರೆ ಚಿನ್ನದ ದರ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಹಳೆಯ ಸಾಲನ್ನು ಹಾಗೇ ಇಟ್ಟು, ಲೆಕ್ಕದಲ್ಲಿ ಕಡಿಮೆ ಮಹತ್ವ ಕೊಟ್ಟರೆ ಸಾಕು. ವಿಎಫ್ ಮಟ್ಟ 36,000 ಎಂದು ಹಿಡಿದೆವು.

ಈಗ ಒಂದು ಬಲೆ. 36,000ಕ್ಕೆ ಎದುರಾಗಿ 27,500 ಇಟ್ಟು "ಕೊಂಡಿಗೆ 24% ಕಡಿತ" ಎಂದು ತೆಗೆದು, ಮತ್ತೆ ಅದನ್ನು 36,000ದಿಂದ ಕಳೆದು "ನೋಡಿ, 27,500 ಬಂತು" ಎನ್ನುವುದು. ಹೊಸದೇನೂ ಬಂದಿಲ್ಲ, ಅದೇ ಎರಡು ಸಾಲು ಸುತ್ತಿ ಬಂದಿವೆ. ಕಡಿತ ತಾಳೆ ನೋಡಲು ಹೊರಗಿನ ಸಾಕ್ಷಿ ಬೇಕು. ಅದಕ್ಕೆ ಟಿಪ್ಪುವಿನ ಒಂಟಿ ರೂಪಾಯಿ, ಅಂದರೆ ಇಮಾಮಿಯನ್ನು ಹಿಡಿದೆವು. ಅದೇ ಅರಸ, ಅದೇ ಟಂಕಸಾಲೆ, ಸುಮಾರು 11.4 ಗ್ರಾಂ, ಅದನ್ನೂ ಜನ ಸರಕ್ಕೆ ಹಾಕಿದ್ದಾರೆ. ಒಂದೇ ಹರಾಜಿನಲ್ಲಿ ಒಂದು ಚೆನ್ನಾಗಿರುವ ಇಮಾಮಿ, ಇನ್ನೊಂದು ಅದೇ ಗ್ರೇಡಿನ ಕೊಂಡಿ ತೆಗೆದ ಇಮಾಮಿ ಬಂದ ಜೋಡಿಗಳನ್ನು ಹುಡುಕಿದರೆ ಅನುಪಾತ 0.62ರಿಂದ 0.80ರ ನಡುವೆ, ಮಧ್ಯದ್ದು 0.72.

36,000 ಗುಣಿಸು 0.72 ಅಂದರೆ 25,900. ಕೆಳಗಿನ ತುದಿ 22,300, ಮೇಲಿನದು 28,800. ನೇರ ಸಾಲುಗಳು 27,000 ಮತ್ತು 28,000. ನಮ್ಮದರ ಮೈ ಆ ಎರಡಕ್ಕಿಂತ ಸ್ವಲ್ಪ ಹೆಚ್ಚು ಉಜ್ಜಿದೆ. ಹ್ಯಾಮರ್ ಬೆಲೆ 26,500, ಹಾಸು 23,000ದಿಂದ 29,000 ಎಂದು ಬರೆದುಕೊಂಡೆವು. ಮೊದಲ ಲೆಕ್ಕದ 40,700ಕ್ಕೂ ಇದಕ್ಕೂ ಎಷ್ಟು ದೂರವಿದೆ ನೋಡಿ.

ಹಂತ 7: ಡೀಲರ್ ಪಟ್ಟಿ ಏನು ಹೇಳುತ್ತದೆ

ಡೀಲರ್ ಕ್ಯಾಟಲಾಗಿನಲ್ಲಿರುವುದು ಕೇಳುವ ಬೆಲೆ. ಅದು ಬೆಲೆಯಾಗುವುದು ಯಾರಾದರೂ ಕೊಟ್ಟಾಗ. ಆದ್ದರಿಂದ ಒಂದು ಪಟ್ಟಿ ನೋಡಿದರೆ ಸಾಲದು, ಅದೇ ಡೀಲರ್‌ನ ಹಿಂದಿನ ಮುಂದಿನ ಪಟ್ಟಿಗಳನ್ನು ಜೋಡಿಸಿ ನೋಡಬೇಕು.

ಐದು ಸಾಲಿನಲ್ಲಿ ಮೂರು ದೋಷವಿಲ್ಲದವು: 55,000, 52,000, 48,000. ಕೊಂಡಿ ತೆಗೆದವು ಎರಡು: 40,000 ಮತ್ತು 38,000. 40,000ದ್ದು ಸತತ ಮೂರು ಪಟ್ಟಿಗಳಲ್ಲಿ ಅದೇ ಚಿತ್ರ, ಅದೇ ಬೆಲೆ ಹೊತ್ತು ಕೂತಿದೆ. 38,000ದ್ದು ಮುಂದಿನ ಪಟ್ಟಿಯಲ್ಲಿಲ್ಲ. ಹೋಗಿದೆ ಎಂದು ಊಹಿಸಬಹುದು, ಆದರೆ ಚೌಕಾಸಿ ಮಾಡಿ ಎಷ್ಟಕ್ಕೆ ಹೋಯಿತೋ ಪಟ್ಟಿ ಹೇಳುವುದಿಲ್ಲ. ಹಾಗಾಗಿ ಇಂಥ ನಾಣ್ಯಕ್ಕೆ ಅಂಗಡಿಯ ಛಾವಣಿ 38,000 ಎಂದಷ್ಟೇ ತಿಳಿದುಕೊಳ್ಳೋಣ.

ಇದನ್ನು ನಮ್ಮ 26,500ಕ್ಕೆ ಎದುರಿಟ್ಟು ನೋಡಿ. ಹರಾಜಿನಲ್ಲಿ ಕೊಂಡವರು 15% ಪ್ರೀಮಿಯಂ ಸೇರಿ 30,475 ಕಟ್ಟುತ್ತಾರೆ, ಮೇಲೆ ತೆರಿಗೆ. ಹರಾಜಿನಲ್ಲಿ ಕೂತ ಡೀಲರ್ 38,000ಕ್ಕೆ ಮಾರುವ ಆಸೆಯಿಟ್ಟು ಕೊಳ್ಳುವುದಾದರೆ ಅವರಿಗೆ ಉಳಿಯುವುದು ಆರೇಳು ಸಾವಿರ. ಅದಕ್ಕಿಂತ ಮೇಲೆ ಅವರು ಬಿಡ್ ಮಾಡುವುದಿಲ್ಲ. ಸಂಗ್ರಾಹಕರಿಗೆ ಅಂಗಡಿಗಿಂತ ಏಳೆಂಟು ಸಾವಿರ ಉಳಿತಾಯ. ಎರಡೂ ಬಗೆಯವರು ಕೈ ಎತ್ತುವ ಜಾಗದಲ್ಲೇ ಅಂಕಿ ಕೂತಿದೆ. ನಮ್ಮ ಅಂದಾಜು 34,000 ಬಂದಿದ್ದರೆ ಪ್ರೀಮಿಯಂ ಸೇರಿ 39,100 ಆಗುತ್ತಿತ್ತು, ಅಂಗಡಿ ಬೆಲೆಯನ್ನೇ ದಾಟುತ್ತಿತ್ತು. ಎಲ್ಲೋ ತಪ್ಪಿದೆ ಎಂದು ಆಗಲೇ ಗೊತ್ತಾಗುತ್ತಿತ್ತು. ಡೀಲರ್ ಪಟ್ಟಿಯ ನಿಜವಾದ ಉಪಯೋಗ ಈ ತಾಳೆಯಲ್ಲಿದೆ.

ಹಂತ 8: ಕೈಗೆ ಬರುವುದು

ಹರಾಜು ದಾರಿ: ಹ್ಯಾಮರ್ 26,500. ಮಾರುವವರ ಕಮಿಷನ್ 10% ಅಂದರೆ 2,650. ಕಮಿಷನ್ ಮೇಲೆ 18% ಜಿಎಸ್‌ಟಿ 477. ಕಳಿಸುವ ಖರ್ಚು, ವಿಮೆ 400. ಕೈಗೆ 22,973. ಹಾಸಿನ ಕೆಳತುದಿಯಾದ 23,000ಕ್ಕೆ ಹೋದರೆ 19,886. ಆದಾಯ ತೆರಿಗೆ ಇದರಲ್ಲಿ ಸೇರಿಲ್ಲ. ಹಣ ಬರುವುದು ಹರಾಜು ಮುಗಿದು, ಕೊಂಡವರು ಕಟ್ಟಿದ ಮೇಲೆ. ನಾಣ್ಯ ಒಪ್ಪಿಸಿದ ದಿನದಿಂದ ಎಣಿಸಿದರೆ ಕೆಲವು ತಿಂಗಳು.

ಅಂಗಡಿ ದಾರಿ: 38,000ಕ್ಕೆ ಮಾರುವ ನಾಣ್ಯವನ್ನು ಡೀಲರ್ 55ರಿಂದ 60% ಕೊಟ್ಟು ಕೊಂಡರೆ 20,900ದಿಂದ 22,800. ಕೇಳಿದಾಗ ಬಂದ ಮಾತು 20,000 ಮತ್ತು 21,500. ಲೆಕ್ಕಕ್ಕೆ ಹತ್ತಿರವೇ ಇದೆ.

ಎರಡರ ನಡುವಿನ ಅಂತರ 1,500 ರೂಪಾಯಿಯೂ ಇಲ್ಲ. ಹರಾಜಿನಲ್ಲಿ ಅದಕ್ಕಿಂತ ಕಡಿಮೆ ಬರುವ ಸಾಧ್ಯತೆಯೂ ಇದೆ. ಈ ಮಟ್ಟದ ನಾಣ್ಯಕ್ಕೆ, ದುಡ್ಡು ಬೇಗ ಬೇಕಿದ್ದರೆ, 21,500 ಒಪ್ಪಿಕೊಳ್ಳುವುದರಲ್ಲಿ ಯಾವ ನಷ್ಟವೂ ಇಲ್ಲ. ಎಕ್ಸ್‌ಎಫ್ ನಾಣ್ಯವಾಗಿದ್ದರೆ ಹರಾಜನ್ನೇ ಹಿಡಿಯಬೇಕಿತ್ತು, ಯಾಕೆಂದರೆ ಅಲ್ಲಿ ಇಬ್ಬರು ಹಟ ಹಿಡಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಕೊಂಡಿ ತೆಗೆದ ವಿಎಫ್‌ಗೆ ಯಾರೂ ಹಟ ಹಿಡಿಯುವುದಿಲ್ಲ.

ಹಂತ 9: ಹರಾಜಿಗೆ ಕೊಡುವುದಾದರೆ

ಮನೆಯವರಿಗೆ ಅವಸರವಿಲ್ಲದ್ದರಿಂದ ಹರಾಜನ್ನೇ ಆರಿಸಿದ್ದಾರೆ. ಆರಂಭ ಬೆಲೆ 20,000, ಕ್ಯಾಟಲಾಗ್ ಅಂದಾಜು 22,000ದಿಂದ 28,000 ಇಡಲು ಬರೆದದ್ದಾಗಿದೆ. 30,000ದಿಂದ ಶುರು ಮಾಡಿ ಮಾರಾಟವಾಗದೆ ಉಳಿದರೆ ಆ ಚಿತ್ರ ಹಳೆಯ ಫಲಿತಾಂಶಗಳಲ್ಲಿ ಶಾಶ್ವತವಾಗಿ ಕೂರುತ್ತದೆ. ಮುಂದಿನ ಗಿರಾಕಿಯೂ ನಮ್ಮ ಹಾಗೆಯೇ ಚಿತ್ರ ಹೊಂದಿಸಿ ನೋಡುತ್ತಾನೆ.

ಒಪ್ಪಿಸುವ ಪತ್ರದಲ್ಲಿ ತೂಕ, ಅಗಲ, 1216/6, ಮತ್ತು "12ರ ಜಾಗದಲ್ಲಿ ಕೊಂಡಿ ತೆಗೆದ ಗುರುತು, ಹಳೆಯ ಉಜ್ಜಾಟ" ಎಂದು ನಾವೇ ಬರೆದಿದ್ದೇವೆ. ಕ್ಯಾಟಲಾಗಿನಲ್ಲಿ ಈ ಮಾತು ಬಿಟ್ಟುಹೋದರೆ, ಕೊಂಡವರು ಕೈಗೆ ಬಂದ ಮೇಲೆ ಗುರುತು ನೋಡಿ ವಾಪಸು ಮಾಡುವ ಸಾಧ್ಯತೆಯಿದೆ, ಆಗ 22,973ರ ಲೆಕ್ಕವೆಲ್ಲ ಮೊದಲಿನಿಂದ. ಅಂಚಿನ ಹತ್ತಿರದ ಚಿತ್ರವೊಂದನ್ನೂ ಜೊತೆಗೆ ಕಳಿಸಿದ್ದಾಗಿದೆ.

ಕ್ಯಾಟಲಾಗ್ ಅಚ್ಚಾಗುವ ಮೊದಲು ಇನ್ನೊಂದು ಕೊಂಡಿ ತೆಗೆದ ಡಬಲ್ ರೂಪಾಯಿ ಎಲ್ಲಾದರೂ ಮಾರಾಟವಾದರೆ ಆ ಸಾಲನ್ನು ಸೇರಿಸಿ ಆರಂಭ ಬೆಲೆ ಮತ್ತೆ ನೋಡಬೇಕು. ಅದೇ ಹರಾಜಿನಲ್ಲಿ ಇನ್ನೊಂದು ಡಬಲ್ ರೂಪಾಯಿ ಇದೆಯೇ ಎಂದೂ ವಿಚಾರಿಸಿದ್ದೇವೆ. ಇದ್ದರೆ ನಮ್ಮದನ್ನು ಮುಂದಿನ ಹರಾಜಿಗೆ ಹಾಕಲು ಕೇಳುವುದು. ಒಂದೇ ದಿನ ಎರಡು ಬಂದರೆ ಗಿರಾಕಿಗಳು ಹಂಚಿಹೋಗಿ, ದೋಷವಿರುವುದು ಆರಂಭ ಬೆಲೆಯಲ್ಲೇ ನಿಲ್ಲುತ್ತದೆ. ಸಂಸ್ಥೆಯ ಉತ್ತರ ಇನ್ನೂ ಬರಬೇಕಿದೆ.